ಬಾಡಿಗೆ ಫ್ರಿಜ್, ಮಂಚ ಅವಧಿಗೆ ಮೊದಲೇ ವಾಪಸ್: ಡೆಪಾಸಿಟ್‌ನಲ್ಲಿ ಎಷ್ಟು ಉಳಿಯುತ್ತದೆ?

ಪ್ರಶ್ನೆ: ಬೆಂಗಳೂರಿನಲ್ಲಿ 12 ತಿಂಗಳ ಪ್ಲ್ಯಾನ್‌ ಮೇಲೆ ಫ್ರಿಜ್, ವಾಷಿಂಗ್ ಮಷಿನ್, ಮಂಚ ಮತ್ತು ಹಾಸಿಗೆ ಬಾಡಿಗೆಗೆ ತಂದಿದ್ದೇನೆ. ತಿಂಗಳಿಗೆ 2,400 ರೂಪಾಯಿ, ಮೇಲೆ ಜಿಎಸ್‌ಟಿ. ಡೆಪಾಸಿಟ್ 4,800. ಈಗ ಏಳನೇ ತಿಂಗಳು, ಪುಣೆಗೆ ವರ್ಗವಾಗಿದೆ. ಹಾಸಿಗೆ ಮೇಲೆ ಕಾಫಿ ಕಲೆ ಇದೆ, ಮಂಚದ ಒಂದು ಕಾಲು ಬುಡದಲ್ಲಿ ಉಬ್ಬಿದೆ. ಈಗ ವಾಪಸ್ ಕೊಟ್ಟರೆ ಡೆಪಾಸಿಟ್ ಬರುತ್ತದಾ? ಆಟೋಪೇ ನಿಲ್ಲಿಸಿಬಿಡಲಾ?

ಉತ್ತರ: ಆಟೋಪೇ ಈಗ ನಿಲ್ಲಿಸಬೇಡಿ. ಅವಸರದಲ್ಲಿ ಊರು ಬಿಡುವವರು ಮೊದಲು ಮಾಡುವುದೇ ಈ ಕೆಲಸ, ಆಮೇಲಿನ ತಕರಾರುಗಳು ಹೆಚ್ಚಾಗಿ ಹುಟ್ಟುವುದೂ ಇಲ್ಲಿಂದಲೇ. ಮುಂದಿನ ಕಂತು ಬೌನ್ಸ್ ಆದ ಕೂಡಲೇ ನಿಮ್ಮ ಖಾತೆ ಬಾಕಿದಾರರ ಪಟ್ಟಿಗೆ ಹೋಗುತ್ತದೆ. ತಡ ಶುಲ್ಕ ಬೀಳುತ್ತದೆ. ಆಟೋಪೇ ಅನುಮತಿ, ಅಂದರೆ ಮ್ಯಾಂಡೇಟ್, ಬ್ಯಾಂಕ್ ಖಾತೆಯಿಂದ ನೇರವಾಗಿ ಕಂತು ಕಡಿಯುವ ನ್ಯಾಚ್ ವ್ಯವಸ್ಥೆಯ ಮೂಲಕ ಇದ್ದರೆ ನಿಮ್ಮ ಬ್ಯಾಂಕೂ ತನ್ನ ಪಾಲಿನ ದಂಡ ಹಾಕುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಬಾಕಿ ತೀರುವವರೆಗೆ ಪಿಕಪ್ ದಿನಾಂಕವನ್ನೇ ಕೊಡದ ಕಂಪನಿಗಳಿವೆ. ಸಾಮಾನು ನಿಮ್ಮ ಮನೆಯಲ್ಲಿರುವಷ್ಟು ದಿನವೂ ಬಾಡಿಗೆ ಓಡುತ್ತಲೇ ಇರುತ್ತದೆ.

ಇಡೀ ವ್ಯವಹಾರದಲ್ಲಿ ಮೂರು ದಿನಾಂಕಗಳಿವೆ. ಮೂರನ್ನೂ ಬೇರೆ ಬೇರೆಯಾಗಿ ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ. ಮೊದಲನೆಯದು ನೀವು ಆ್ಯಪ್‌ನಲ್ಲಿ ಕ್ಲೋಷರ್ ರಿಕ್ವೆಸ್ಟ್ ಹಾಕಿದ ದಿನ. ಎರಡನೆಯದು ವ್ಯಾನ್ ಬಂದು ಸಾಮಾನು ಎತ್ತಿಕೊಂಡು ಹೋದ ದಿನ. ಮೂರನೆಯದು ಗೋದಾಮಿನಲ್ಲಿ ಸಾಮಾನಿನ ತಪಾಸಣೆ ಮುಗಿದ ದಿನ. ಸಾಮಾನ್ಯವಾಗಿ ಬಾಡಿಗೆ ನಿಲ್ಲುವುದು ಎರಡನೆಯ ದಿನಾಂಕಕ್ಕೆ, ಡೆಪಾಸಿಟ್ ಮರಳಿಸುವ ಗಡುವು ಶುರುವಾಗುವುದು ಮೂರನೆಯದರಿಂದ. ‘ಹತ್ತನೇ ತಾರೀಖು ಹೇಳಿದ್ದೆ, ಇಪ್ಪತ್ತೆರಡರವರೆಗೆ ಬಾಡಿಗೆ ಹಿಡಿದಿದ್ದಾರೆ’ ಎಂಬ ದೂರಿನ ಮೂಲ ಇದೇ. ರಿಕ್ವೆಸ್ಟ್ ಹಾಕಿದ ದಿನವೇ ಬಾಡಿಗೆ ನಿಂತಿತು ಎಂದು ದೂರುವವರು ತಿಳಿದಿರುತ್ತಾರೆ, ಒಪ್ಪಂದದಲ್ಲಿ ಹಾಗಿರುವುದಿಲ್ಲ.

ಆದ್ದರಿಂದ ಇವತ್ತೇ ರಿಕ್ವೆಸ್ಟ್ ಹಾಕಿ, ನಿಮ್ಮ ಬಿಲ್ಲಿಂಗ್ ತಿಂಗಳು ಮುಗಿಯುವ ದಿನ ಅಥವಾ ಅದಕ್ಕೆ ಒಂದೆರಡು ದಿನ ಮುಂಚೆ ಪಿಕಪ್ ಕೇಳಿ. ತಿಂಗಳ ಕೊನೆಯಲ್ಲಿ ಮನೆ ಖಾಲಿ ಮಾಡುವವರು ಹೆಚ್ಚು, ಶನಿವಾರ ಭಾನುವಾರದ ಸ್ಲಾಟ್‌ಗಳು ಬೇಗ ತುಂಬುತ್ತವೆ. ಹತ್ತು ಹದಿನೈದು ದಿನ ಮುಂಚೆ ಕೇಳಿದರೆ ವಾರದ ನಡುವಿನ ದಿನವಾದರೂ ಸಿಗುತ್ತದೆ. ಹೊಸ ತಿಂಗಳು ಹುಟ್ಟಿದ ಮೇಲೆ ಪಿಕಪ್ ಆದರೆ ಕೆಲವರು ದಿನದ ಲೆಕ್ಕದಲ್ಲಿ ಹಿಡಿಯುತ್ತಾರೆ, ನಿಮ್ಮ ಬಾಡಿಗೆಗೆ ದಿನಕ್ಕೆ 80 ರೂಪಾಯಿ, 18% ಜಿಎಸ್‌ಟಿ ಸೇರಿ 94. ಇನ್ನು ಕೆಲವರು ಪೂರ್ತಿ ತಿಂಗಳದ್ದೇ ಹಿಡಿಯುತ್ತಾರೆ. ಒಪ್ಪಂದದಲ್ಲಿ ಯಾವುದಿದೆ ಎಂದು ಈಗಲೇ ನೋಡಿ. ನಿಗದಿಯಾದ ದಿನ ವ್ಯಾನ್ ಬರಲೇ ಇಲ್ಲ ಅಂದರೆ ಅದೇ ಸಂಜೆ ಇಮೇಲ್ ಹಾಕಿ: ‘ಇಂದು ಸಾಮಾನು ಸಿದ್ಧವಿತ್ತು, ನಾನು ಮನೆಯಲ್ಲಿದ್ದೆ, ನಿಮ್ಮವರು ಬರಲಿಲ್ಲ, ಇಲ್ಲಿಂದ ಮುಂದಿನ ಬಾಡಿಗೆ ನನ್ನದಲ್ಲ.’ ಫೋನಿನಲ್ಲಿ ಹೇಳಿದ್ದನ್ನು ಕೊನೆಯ ಬಿಲ್ ಬರುವ ಹೊತ್ತಿಗೆ ಯಾರೂ ನೆನಪಿಟ್ಟುಕೊಂಡಿರುವುದಿಲ್ಲ.

ಈಗ ದುಡ್ಡಿನ ವಿಷಯ. ಅವಧಿಗೆ ಮೊದಲು ಬಿಟ್ಟರೆ ಶುಲ್ಕ ಹಾಕುವುದರಲ್ಲಿ ಮುಖ್ಯವಾಗಿ ಎರಡು ಪದ್ಧತಿ ಇವೆ. ಒಂದು, ಇಂತಿಷ್ಟು ತಿಂಗಳ ಬಾಡಿಗೆ ಎಂದು ಕಟ್ಟುನಿಟ್ಟಾಗಿ ಹಿಡಿಯುವುದು. ಇನ್ನೊಂದು ದರದ ವ್ಯತ್ಯಾಸ. 12 ತಿಂಗಳು ಇಟ್ಟುಕೊಳ್ಳುತ್ತೇನೆ ಎಂದಿದ್ದಕ್ಕೆ ಕಡಿಮೆ ದರ ಕೊಟ್ಟಿದ್ದರು. ಏಳೇ ತಿಂಗಳಿಗೆ ಬಿಡುತ್ತಿರುವುದರಿಂದ ಮೊದಲಿನಿಂದಲೂ 6 ತಿಂಗಳ ಪ್ಲ್ಯಾನ್ ದರವೇ ಇತ್ತು ಎಂದು ಲೆಕ್ಕ ಹಾಕಿ ವ್ಯತ್ಯಾಸ ಕೇಳುತ್ತಾರೆ. ಅದೇ ಸಾಮಾನಿಗೆ 6 ತಿಂಗಳ ದರ 2,900 ಇತ್ತು ಎಂದುಕೊಳ್ಳೋಣ. ತಿಂಗಳಿಗೆ 500 ವ್ಯತ್ಯಾಸ, ಏಳು ತಿಂಗಳಿಗೆ 3,500. ಇದಕ್ಕೆ 18% ಜಿಎಸ್‌ಟಿ 630 ಸೇರಿಸಿದರೆ 4,130. ಅಲ್ಲಿಗೆ ನಿಮ್ಮ 4,800 ಡೆಪಾಸಿಟ್‌ನಲ್ಲಿ ಉಳಿಯುವುದು 670 ಮಾತ್ರ, ಇನ್ನೂ ಕಾಫಿ ಕಲೆಯ ಮಾತೇ ಬಂದಿಲ್ಲ. ಎರಡು ತಿಂಗಳ ಬಾಡಿಗೆ ಎಂಬ ಷರತ್ತಿದ್ದರೆ ಜಿಎಸ್‌ಟಿ ಸೇರಿ 5,664 ಆಗುತ್ತದೆ, ಆಗ ನೀವೇ 864 ತುಂಬಬೇಕಾಗುತ್ತದೆ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದು: ಸಾಮಾನು ಹೊಸದರಂತಿದ್ದರೂ ಡೆಪಾಸಿಟ್‌ನ ಬಹುಪಾಲು ಈ ಶುಲ್ಕಕ್ಕೇ ಹೋಗುತ್ತದೆ.

ದರ ವ್ಯತ್ಯಾಸದ ಪದ್ಧತಿಯಲ್ಲಿ ಒಂದು ವಿಚಿತ್ರವಿದೆ. ತಿಂಗಳು ಕಳೆದಂತೆ ಶುಲ್ಕ ಇಳಿಯುವುದಿಲ್ಲ, ಏರುತ್ತದೆ. ಇದೇ ಅಂಕಿಗಳಲ್ಲಿ ಹತ್ತು ತಿಂಗಳಿಗೆ ಬಿಟ್ಟರೆ ಶುಲ್ಕ 5,000, ಉಳಿದ ಎರಡು ತಿಂಗಳ ಬಾಡಿಗೆಯೋ 4,800. ಅಂದರೆ ಹತ್ತನೇ ತಿಂಗಳಿಂದಾಚೆ ಬಾಡಿಗೆ ಕಟ್ಟುತ್ತಾ ಅವಧಿ ಮುಗಿಸುವುದೇ ಅಗ್ಗ. ನೀವು ಏಳರಲ್ಲಿದ್ದೀರಿ, ಉಳಿದ ಐದು ತಿಂಗಳ ಬಾಡಿಗೆ 12,000 ಆಗುತ್ತದೆ, ಆದ್ದರಿಂದ ಈಗ ಬಿಡುವುದೇ ಸರಿ. ಆದರೆ ಎಂಟು, ಒಂಬತ್ತು ಎಂದು ಎಳೆದರೆ ಬಾಡಿಗೆಯೂ ಹೋಗುತ್ತದೆ, ಶುಲ್ಕವೂ ಬೆಳೆಯುತ್ತದೆ.

ಶುಲ್ಕ ಕಟ್ಟುವ ಮೊದಲು ಎರಡು ದಾರಿ ಕೇಳಿ ನೋಡಿ. ಕಂಪನಿ ಪುಣೆಯಲ್ಲೂ ಇದ್ದರೆ, ಇಲ್ಲಿಯ ಸಾಮಾನು ತೆಗೆದುಕೊಂಡು ಅಲ್ಲಿ ಅಷ್ಟೇ ಅವಧಿಗೆ ಬೇರೆ ಸಾಮಾನು ಕೊಡುವ ಅನುಕೂಲ ಕೆಲವರಲ್ಲಿದೆ. ಆಗ ಶುಲ್ಕ ಬೀಳುವುದಿಲ್ಲ, ಅಥವಾ ಸಾಗಣೆ ವೆಚ್ಚ ಮಾತ್ರ ಬೀಳುತ್ತದೆ. ಇನ್ನೊಂದು, ನಿಮ್ಮ ಮನೆಗೆ ಬರುವ ಹೊಸ ಬಾಡಿಗೆದಾರರ ಹೆಸರಿಗೆ ಪ್ಲ್ಯಾನ್ ವರ್ಗಾಯಿಸುವುದು. ಇದನ್ನು ಕಂಪನಿಯೇ ಅವರ ಕೆವೈಸಿ ಪಡೆದು, ಅವರಿಂದ ಡೆಪಾಸಿಟ್ ಕಟ್ಟಿಸಿಕೊಂಡು, ಲಿಖಿತವಾಗಿ ಮಾಡಬೇಕು. ‘ನೀವೇ ಇಟ್ಕೊಳ್ಳಿ, ತಿಂಗಳು ತಿಂಗಳು ನಂಗೆ ಹಾಕ್ಬಿಡಿ’ ಎಂದು ಸ್ನೇಹಿತರಿಗೋ ಮನೆ ಮಾಲೀಕರಿಗೋ ಬಿಟ್ಟು ಹೋಗಬೇಡಿ. ಕಾಗದದಲ್ಲಿ ಸಾಮಾನು ನಿಮ್ಮ ಜವಾಬ್ದಾರಿಯಲ್ಲೇ ಇರುತ್ತದೆ. ಅವರು ಮನೆ ಬದಲಿಸಿದ ದಿನ ಫ್ರಿಜ್ ಎಲ್ಲಿದೆ ಎಂದು ಕಂಪನಿ ನಿಮ್ಮನ್ನೇ ಕೇಳುತ್ತದೆ.

ಇನ್ನು ಕಾಫಿ ಕಲೆ ಮತ್ತು ಉಬ್ಬಿದ ಕಾಲು. ಒಪ್ಪಂದಗಳಲ್ಲಿ ಸಹಜ ಸವೆತಕ್ಕೆ ಹಣ ಹಿಡಿಯುವುದಿಲ್ಲ ಎಂದಿರುತ್ತದೆ, ಹಾನಿಗೆ ಹಿಡಿಯುತ್ತೇವೆ ಎಂದಿರುತ್ತದೆ. ಬಳಸಿದ್ದರಿಂದ ತಾನಾಗಿ ಆಗುವುದು ಸವೆತ: ಹಾಸಿಗೆ ಸ್ವಲ್ಪ ತಗ್ಗುವುದು, ಬಿಸಿಲಿಗೆ ಬಣ್ಣ ಮಾಸುವುದು, ಹಿಡಿಗಳ ಹೊಳಪು ಹೋಗುವುದು, ಸಣ್ಣ ಗೀರು. ಒಂದು ಘಟನೆಯಿಂದಲೋ ಅಜಾಗ್ರತೆಯಿಂದಲೋ ಆದದ್ದು ಹಾನಿ: ಕಲೆ, ಸುಟ್ಟ ಗುರುತು, ಹರಿದ ಬಟ್ಟೆ, ಒಡೆದ ಟ್ರೇ, ನೀರು ಕುಡಿದ ಹಲಗೆ. ನಿಮ್ಮವೆರಡೂ ಎರಡನೆಯ ಗುಂಪಿಗೇ ಬೀಳುತ್ತವೆ. ಹಣ ಹಿಡಿಯುವುದೇ ತಪ್ಪು ಎಂದು ವಾದಿಸಲು ಹೋಗಬೇಡಿ, ಎಷ್ಟು ಹಿಡಿಯಬೇಕು ಎಂಬುದರ ಮೇಲೆ ಗಟ್ಟಿಯಾಗಿ ನಿಲ್ಲಿ.

ಮಂಚದ ಕಾಲು ಬುಡದಲ್ಲಿ ಉಬ್ಬಿದೆ ಅಂದರೆ ಅದು ಗಟ್ಟಿ ಮರವಲ್ಲ, ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ. ದಿನಾ ನೆಲ ಒರೆಸುವ ಒದ್ದೆ ಬಟ್ಟೆಯ ನೀರು ಅಂಚಿನ ಪಟ್ಟಿಯ ಸಂದಿಯಿಂದ ಒಳಗೆ ಹೋಗಿ ಪುಡಿ ಹಿಗ್ಗುತ್ತದೆ, ಒಣಗಿದರೂ ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ಉಜ್ಜಿ ಬಣ್ಣ ಬಳಿಯುವುದು, ಅಂಟಿಸುವುದು ಬೇಡ. ಮುಚ್ಚಿಟ್ಟ ಹಾನಿ ಎಂದು ಕಂಡರೆ ದರ ಏರುತ್ತದೆ. ಈ ಮಂಚಗಳನ್ನು ಬೋಲ್ಟ್ ಬಿಚ್ಚಿ ಸಾಗಿಸುತ್ತಾರೆ, ಒಂದು ಕಾಲೋ ಒಂದು ಪಕ್ಕದ ಹಲಗೆಯೋ ಬಿಡಿಭಾಗವಾಗಿ ಬದಲಾಗುತ್ತದೆ. ಹಾಗಾಗಿ ಬಿಲ್‌ನಲ್ಲಿ ಆ ಭಾಗದ ಬೆಲೆ ಇರಬೇಕು, ಇಡೀ ಮಂಚದ್ದಲ್ಲ. ‘ಬೆಡ್ ಡ್ಯಾಮೇಜ್’ ಎಂದಷ್ಟೇ ಬರೆದಿದ್ದರೆ ಯಾವ ಭಾಗ, ಅದರ ಬೆಲೆ ಎಷ್ಟು ಎಂದು ಬಿಡಿಸಿ ಕೇಳಿ.

ಹಾಸಿಗೆಯದು ಹೆಚ್ಚು ಸೂಕ್ಷ್ಮ, ನಿಮ್ಮ ಲೆಕ್ಕ ಏರುಪೇರಾಗುವುದೂ ಇಲ್ಲೇ. ಕಲೆಯಾದ ಹಾಸಿಗೆಯನ್ನು ಮುಂದಿನ ಗ್ರಾಹಕರಿಗೆ ಕೊಡಲಾಗುವುದಿಲ್ಲ ಎಂದು ಇಡೀ ಹಾಸಿಗೆಯ ಬೆಲೆ ಕೇಳುವುದುಂಟು. ಮೊದಲು ಕಲೆ ಹೊರಗಿನ ಕವರ್‌ನಲ್ಲಿ ಮಾತ್ರ ಇದೆಯೇ, ಒಳಗಿನ ಫೋಮ್‌ವರೆಗೂ ಇಳಿದಿದೆಯೇ ನೋಡಿ. ಕವರ್‌ಗೆ ಜಿಪ್ ಇದ್ದು, ಒಗೆಯಬಹುದು ಎಂದು ಅದರ ಲೇಬಲ್‌ನಲ್ಲಿದ್ದರೆ ತಣ್ಣೀರಿನಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಜಿಪ್ ಇಲ್ಲದಿದ್ದರೆ ತಣ್ಣೀರಿಗೆ ಒಂದೆರಡು ಹನಿ ದ್ರವ ಸೋಪು ಹಾಕಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಕಲೆಯ ಅಂಚಿನಿಂದ ಒಳಕ್ಕೆ ಒತ್ತಿ ಒತ್ತಿ ತೆಗೆಯಿರಿ. ಉಜ್ಜಿದರೆ ಕಲೆ ಅಗಲವಾಗುತ್ತದೆ. ನೀರು ಸುರಿದರೆ ಫೋಮ್ ಕುಡಿದು ವಾಸನೆ ಹಿಡಿಯುತ್ತದೆ, ಬ್ಲೀಚ್ ಹಾಕಿದರೆ ಬಟ್ಟೆಯ ಬಣ್ಣವೇ ಹೋಗಿ ಕಾಫಿ ಕಲೆಗಿಂತ ಕೆಟ್ಟದಾಗಿ ಕಾಣುವ ಬಿಳಿ ಮಚ್ಚೆ ಉಳಿಯುತ್ತದೆ. ಪಿಕಪ್‌ಗೆ ಎರಡು ಮೂರು ದಿನ ಮೊದಲೇ ಇದನ್ನು ಮಾಡಿ, ಫ್ಯಾನ್ ಕೆಳಗೆ ಪೂರ್ತಿ ಒಣಗಬೇಕು. ಹಳೆಯ ಕಲೆ ಪೂರ್ತಿ ಹೋಗದಿರಬಹುದು, ಮಾಸಲಾದರೂ ನಿಮಗೆ ಲಾಭವೇ.

ಎರಡು ಉದಾಹರಣೆ ಇಟ್ಟು ನೋಡಿ. ಕಾಲಿಗೆ 600, ಹಾಸಿಗೆಯ ಕವರ್‌ಗೆ 900 ಹಿಡಿದರೆ ಒಟ್ಟು 1,500. ಉಳಿದಿದ್ದ 670 ಕಳೆದು ನೀವು 830 ಕೊಟ್ಟರೆ ಲೆಕ್ಕ ಚುಕ್ತಾ. ಕವರ್‌ ಬದಲು 8,000 ರೂಪಾಯಿಯ ಹೊಸ ಹಾಸಿಗೆ ಎಂದು ಬರೆದರೆ ಅದೇ ಲೆಕ್ಕ 7,930ಕ್ಕೆ ಏರುತ್ತದೆ. ನೀವು ಶಕ್ತಿ ಖರ್ಚು ಮಾಡಬೇಕಾದದ್ದು ಈ ಒಂದು ಸಾಲಿನ ಮೇಲೆ. ಕೇಳಬೇಕಾದ ಪ್ರಶ್ನೆಗಳು ಮೂರು. ಕವರ್ ಬದಲಿಸಿದರೆ ಸಾಲದೇ? ಹಾಸಿಗೆ ನನಗೆ ಕೊಟ್ಟಾಗ ಹೊಸದಿತ್ತೇ, ಅಥವಾ ಮೊದಲು ಬೇರೆಯವರಿಗೆ ಕೊಟ್ಟು ಶುಚಿ ಮಾಡಿ ತಂದದ್ದೇ? ಹಳೆಯದಾಗಿದ್ದರೆ ಸವಕಳಿ ಎಷ್ಟು ಕಳೆದಿದ್ದೀರಿ? ಬಾಡಿಗೆ ಕಂಪನಿಗಳು ಒಂದೇ ಸಾಮಾನನ್ನು ಹಲವು ಮನೆಗಳಿಗೆ ಸುತ್ತಿಸುತ್ತವೆ, ಆದ್ದರಿಂದ ಎರಡನೇ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಮೊತ್ತ ಎಷ್ಟೋ ಸಲ ಇಳಿಯುತ್ತದೆ. ಏಳು ತಿಂಗಳ ಹಿಂದೆ ಸಾಮಾನು ಬಂದ ದಿನದ ಫೋಟೊ ನಿಮ್ಮ ಮೊಬೈಲಿನಲ್ಲಿ, ಮನೆಯವರಿಗೆ ಕಳಿಸಿದ ವಾಟ್ಸ್ಆ್ಯಪ್‌ನಲ್ಲಿ ಇದೆಯೇ ಹುಡುಕಿ. ಡೆಲಿವರಿ ಚೀಟಿಯಲ್ಲಿ ಸಾಮಾನಿನ ಸ್ಥಿತಿ ಬರೆದಿದ್ದರೆ ಅದನ್ನೂ ತೆಗೆದಿಡಿ. ತಿಂಗಳ ಬಿಲ್‌ನಲ್ಲಿ ಡ್ಯಾಮೇಜ್ ವೇವರ್, ಅಂದರೆ ಹಾನಿಯ ಹಣದಿಂದ ವಿನಾಯಿತಿ, ಎಂದು ಸಣ್ಣ ಮೊತ್ತ ಹೋಗುತ್ತಿದ್ದರೆ ಅದರ ಷರತ್ತು ಓದಿ. ನೀರಿನ ಹಾನಿ, ಕಲೆ ಅದರೊಳಗೆ ಬರುತ್ತವೆಯೇ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ.

ಜಿಎಸ್‌ಟಿ ಬಗ್ಗೆ ಒಂದು ಮಾತು, ಇದು ಹಲವರಿಗೆ ಗೊತ್ತಿಲ್ಲ. ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರಂದು 178ನೇ ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ ಒಪ್ಪಂದದಲ್ಲಿ ಮೊದಲೇ ಒಪ್ಪಿಕೊಂಡ ಅವಧಿಪೂರ್ವ ಮುಕ್ತಾಯದ ಶುಲ್ಕಕ್ಕೆ ತೆರಿಗೆ ಬೀಳುತ್ತದೆ, ಏಕೆಂದರೆ ಬೇಗ ಬಿಡುವ ಅನುಕೂಲಕ್ಕೆ ಕೊಟ್ಟ ಬೆಲೆ ಅದು. ಆಸ್ತಿಗೆ ಆದ ಹಾನಿಯ ಪರಿಹಾರ ಹಾಗಲ್ಲ, ಅದು ಯಾವುದೇ ಸೇವೆಯ ಬೆಲೆಯಲ್ಲ. ಹಾಗಾಗಿ ಹಾನಿಯ 1,500ರ ಮೇಲೂ 18% ಸೇರಿಸಿದ್ದರೆ ಯಾವ ಆಧಾರದ ಮೇಲೆ ಎಂದು ಬರಹದಲ್ಲಿ ಕೇಳಿ.

ಪಿಕಪ್‌ನ ಹಿಂದಿನ ದಿನ ಫ್ರಿಜ್ ಖಾಲಿ ಮಾಡಿ ಆಫ್ ಮಾಡಿ, ಬಾಗಿಲು ಸ್ವಲ್ಪ ತೆರೆದಿಡಿ. ಐಸ್ ಕರಗಿದ ನೀರು ಒರೆಸದೆ ಹಾಗೇ ವ್ಯಾನ್ ಹತ್ತಿಸಿದರೆ ಒಳಗೆ ಬೂಸು ಹಿಡಿದು ಶುಚಿ ಶುಲ್ಕಕ್ಕೆ ದಾರಿಯಾಗುತ್ತದೆ. ವಾಷಿಂಗ್ ಮಷಿನ್‌ನ ನಲ್ಲಿ ಮುಚ್ಚಿ, ನೀರು ಬರುವ ಪೈಪ್ ಬಿಚ್ಚಿ, ಹೊರಹೋಗುವ ಪೈಪನ್ನು ನೆಲಕ್ಕಿಳಿಸಿ ಉಳಿದ ನೀರು ಹರಿಯಬಿಡಿ. ಮುಂಬಾಗಿಲಿನ ಮಷಿನ್ ಆದರೆ ಕೆಳಗಿನ ಸಣ್ಣ ಮುಚ್ಚಳದ ಹಿಂದೆ ಫಿಲ್ಟರ್ ಇರುತ್ತದೆ. ಅಗಲವಾದ ತಟ್ಟೆ ಇಟ್ಟು ನಿಧಾನವಾಗಿ ತಿರುಗಿಸಿ ನೀರು ತೆಗೆಯಿರಿ. ಅದರ ಡ್ರಮ್ ಬಿಗಿಯಲು ಮೊದಲ ದಿನ ಬಿಚ್ಚಿಕೊಟ್ಟ ಉದ್ದನೆಯ ಬೋಲ್ಟ್‌ಗಳು ನಿಮ್ಮಲ್ಲಿದ್ದರೆ ಹಾಕಿಸಿ, ಅವಿಲ್ಲದೆ ಸಾಗಿಸುವಾಗ ಡ್ರಮ್ ಕುಲುಕಿ ಪೆಟ್ಟಾಗುತ್ತದೆ. ಪೈಪ್, ಫ್ರಿಜ್‌ನ ಗಾಜಿನ ಹಲಗೆ, ಮೊಟ್ಟೆ ಟ್ರೇ, ಇಂಥ ಬಿಡಿ ವಸ್ತುಗಳನ್ನು ಒಂದು ಚೀಲದಲ್ಲಿ ಹಾಕಿಡಿ. ಕಾಣೆಯಾದ ಟ್ರೇಗೆ ಬೀಳುವ ಮೊತ್ತ ಕಂಡು ಬೇಸರವಾಗುತ್ತದೆ. ಅಪಾರ್ಟ್‌ಮೆಂಟ್ ಆದರೆ ಸಾಮಾನು ಹೊರಗೆ ಬಿಡುವ ಗೇಟ್ ಪಾಸ್ ಮತ್ತು ಲಿಫ್ಟ್ ಸಮಯ ಮೊದಲೇ ಪಡೆದಿರಿ. ಸೆಕ್ಯೂರಿಟಿ ಬಿಡದೆ ವ್ಯಾನ್ ಖಾಲಿ ಹೋದರೆ ಮರುಭೇಟಿ ಶುಲ್ಕ ನಿಮ್ಮ ತಲೆಗೇ ಬರುತ್ತದೆ.

ವ್ಯಾನ್ ಬರುವ ಮೊದಲು, ಹಗಲು ಬೆಳಕಿನಲ್ಲಿ, ಒಂದೇ ನಿರಂತರ ವಿಡಿಯೊ ಮಾಡಿ. ಫ್ರಿಜ್ ಮತ್ತು ಮಷಿನ್ ಓಡುತ್ತಿರುವುದನ್ನು ಅವನ್ನು ಆಫ್ ಮಾಡುವ ಮುಂಚೆಯೇ ಬೇರೆಯಾಗಿ ಚಿತ್ರಿಸಿಟ್ಟಿರಬೇಕು. ವಿಡಿಯೊದಲ್ಲಿ ಸೀರಿಯಲ್ ನಂಬರಿನ ಚೀಟಿ ಕಾಣಲಿ, ಹಾಸಿಗೆಯ ಎರಡೂ ಮಗ್ಗುಲು, ಮಂಚದ ನಾಲ್ಕೂ ಕಾಲು ಬರಲಿ. ಕಲೆಯನ್ನೂ ಉಬ್ಬನ್ನೂ ಅಳತೆ ಪಟ್ಟಿ ಇಟ್ಟು ತೋರಿಸಿ. ಹಾನಿಯನ್ನು ನಾವೇ ಯಾಕೆ ತೋರಿಸಬೇಕು ಎನ್ನಿಸಬಹುದು. ಒಂದು ಕಾಲು ಮಾತ್ರ ಉಬ್ಬಿತ್ತು, ಕಲೆ ಅಂಗೈಯಷ್ಟಿತ್ತು ಎಂದು ನಾಳೆ ಸಾಬೀತು ಮಾಡಲು ಬೇರೆ ಸಾಧನ ಇರುವುದಿಲ್ಲ. ವ್ಯಾನಿನಲ್ಲಿ ಬರುವವರು ಸಾಗಿಸುವವರು, ತಪಾಸಣೆ ಮಾಡುವವರು ಗೋದಾಮಿನಲ್ಲಿರುತ್ತಾರೆ. ನಡುವೆ ಲೋಡಿಂಗ್, ರಸ್ತೆ ಹೊಂಡ, ಅನ್‌ಲೋಡಿಂಗ್ ಎಲ್ಲ ಇದೆ. ಅಲ್ಲಿ ಆದ ಪೆಟ್ಟು ನಿಮ್ಮ ಖಾತೆಗೆ ಬರದಂತೆ ತಡೆಯುವುದು ಈ ವಿಡಿಯೊ ಮತ್ತು ಪಿಕಪ್ ಚೀಟಿ ಮಾತ್ರ.

ಪಿಕಪ್ ಚೀಟಿಯಲ್ಲಿ ಒಂದೊಂದು ಸಾಮಾನಿನ ಎದುರೂ ಸ್ಥಿತಿ ಬರೆಸಿ. ‘ಗೋದಾಮಿನಲ್ಲಿ ನೋಡ್ತಾರೆ ಸಾರ್, ನೀವು ಸೈನ್ ಹಾಕಿ’ ಎಂದರೆ ನೀವೇ ಬರೆಯಿರಿ: ಫ್ರಿಜ್ ಸುಸ್ಥಿತಿ, ಮಷಿನ್ ಸುಸ್ಥಿತಿ, ಹಾಸಿಗೆಗೆ ಒಂದು ಕಲೆ, ಮಂಚದ ಒಂದು ಕಾಲಿನ ಬುಡದಲ್ಲಿ ಉಬ್ಬು, ಬೇರೆ ಹಾನಿ ಇಲ್ಲ. ಬಂದವರ ಸಹಿ ಪಡೆದು ಫೋಟೊ ತೆಗೆಯಿರಿ. ಆ್ಯಪ್‌ನಲ್ಲಷ್ಟೇ ಚೀಟಿ ಇದ್ದರೆ ಅವರು ಏನು ನಮೂದಿಸಿದ್ದಾರೆ ಎಂದು ಅವರ ಮೊಬೈಲಿನಲ್ಲೇ ಓದಿ, ನಂತರವೇ ಪಿಕಪ್ ಒಟಿಪಿ ಕೊಡಿ. ಆ ಒಟಿಪಿ ನಿಮ್ಮ ಸಹಿಗೆ ಸಮ. ವ್ಯಾನ್ ಹೊರಟ ಗಂಟೆಯೊಳಗೆ ವಿಡಿಯೊ ಮತ್ತು ಚೀಟಿಯನ್ನು ಕಂಪನಿಗೆ ಇಮೇಲ್ ಮಾಡಿ, ಬಾಡಿಗೆ ಇಂದಿಗೆ ನಿಂತಿದೆ ಎಂಬ ಒಂದು ಸಾಲು ಸೇರಿಸಿ.

ತಪಾಸಣೆ ಮುಗಿದ ಮೇಲೆ ಅಂತಿಮ ಲೆಕ್ಕ ಬರುತ್ತದೆ. ಒಂದೆರಡು ವಾರದೊಳಗೆ ಎಂಬ ಗಡುವು ಸಾಮಾನ್ಯ, ನಿಮ್ಮ ಒಪ್ಪಂದದಲ್ಲಿರುವ ದಿನವನ್ನು ಗುರುತು ಹಾಕಿಕೊಳ್ಳಿ. ಲೆಕ್ಕ ಒಪ್ಪಿಗೆಯಾಗಿ, ಬಾಕಿ ಇಲ್ಲ ಎಂಬ ಪತ್ರ ಬಂದ ಮೇಲೆ ಆಟೋಪೇ ರದ್ದು ಮಾಡಿ. ಯುಪಿಐ ಆದರೆ ಅದೇ ಆ್ಯಪ್‌ನಲ್ಲಿ, ನ್ಯಾಚ್ ಆದರೆ ಬ್ಯಾಂಕಿನಲ್ಲಿ. ಕಾರ್ಡ್, ಯುಪಿಐ ಆಟೋಪೇಗಳಲ್ಲಿ ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಪಿಕಪ್ ಆದ ಮೇಲೂ ಮುಂದಿನ ತಿಂಗಳ ಬಾಡಿಗೆಗೆ ಅಂಥ ಸೂಚನೆ ಬಂದರೆ ಆ ಒಂದು ಕಡಿತವನ್ನು ತಡೆದು ಕಂಪನಿಗೆ ಬರೆಯಿರಿ. ರಿಫಂಡ್ ತಡವಾದಾಗ ಹುಡುಕಾಟದಲ್ಲಿ ಸಿಗುವ ಕಸ್ಟಮರ್ ಕೇರ್ ನಂಬರಿಗೆ ಕರೆ ಮಾಡಬೇಡಿ. ಆ್ಯಪ್‌ ಒಳಗಿರುವ ಸಂಪರ್ಕ ಮಾತ್ರ ಬಳಸಿ. ನಿಮಗೆ ಹಣ ಬರಲು ಒಟಿಪಿಯಾಗಲಿ ಯುಪಿಐ ಪಿನ್ ಆಗಲಿ ಬೇಕಾಗುವುದೇ ಇಲ್ಲ. ಮೋಸ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಹಾಸಿಗೆಗೆ ಪೂರ್ತಿ 8,000 ಎಂದೇ ಪಟ್ಟು ಹಿಡಿದರೆ ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯಲ್ಲಿ ದೂರು ತಲುಪಿದ್ದನ್ನು ಖಚಿತಪಡಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಪತ್ರದಲ್ಲಿ 1872ರ ಒಪ್ಪಂದ ಕಾಯ್ದೆಯ 74ನೇ ಕಲಂ ಉಲ್ಲೇಖಿಸಿ. ಒಪ್ಪಂದ ಮುರಿದಾಗ ಇಂತಿಷ್ಟು ಕೊಡಬೇಕು ಎಂದು ಅದರಲ್ಲೇ ಬರೆದಿದ್ದರೂ ನ್ಯಾಯಾಲಯ ಕೊಡಿಸುವುದು ಆ ಮೊತ್ತದ ಮಿತಿಯೊಳಗಿನ ಸಮಂಜಸ ಪರಿಹಾರವನ್ನು ಮಾತ್ರ. ಅದಕ್ಕೂ ಬಗ್ಗದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ದೂರು ಹೇಳಬಹುದು. ಅದರ ಮುಂದಿನದು ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಸಲ್ಲಿಸಬಹುದು, ಎರಡು ವರ್ಷದೊಳಗೆ ಸಲ್ಲಿಸಬೇಕು. ಸಾಮಾನು ಬೆಂಗಳೂರಿನದಾದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ನೀವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, ಆದ್ದರಿಂದ ಇದಕ್ಕಾಗಿ ಪುಣೆಯಿಂದ ಬೆಂಗಳೂರಿಗೆ ಓಡಾಡಬೇಕಾಗಿಲ್ಲ.